ಮೂತಿಯ ತೂಕ

ಅಣ್ಣನ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಪೌಚ್ ತಯಾರಾಗುತ್ತದೆ, ಅದರ ಮೇಲಿನ ಮಾತು ನನ್ನಿಂದ ತಯಾರಾಗುತ್ತದೆ. ಚೀಲ ಅವನದು, ಬಾಯಿ ನನ್ನದು ಎಂದು ಅತ್ತಿಗೆ ಆಡಿಕೊಳ್ಳುತ್ತಾರೆ. ಮಾತಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಸಿಡುಕಿ. ಯಾರಾದರೂ 'ಪರಿಸರಸ್ನೇಹಿ' ಎಂದು ಬರೆದರೆ, ಪರಿಸರವನ್ನು ಕೇಳಿ ಬರೆದಿರಾ ಎನ್ನುವ ಜಾತಿಯವಳು.

ಆ ಸಲ ಬಂದದ್ದು ದೊಡ್ಡ ಆರ್ಡರ್. ದ್ರವ ಸೋಪು ಮಾಡುವ ಕಂಪನಿಯೊಂದು ತನ್ನ ಒಂದು ಲೀಟರ್ ಬಾಟಲಿಯನ್ನು ಗಿರಾಕಿಗಳು ಮತ್ತೆ ತುಂಬಿಸಿಕೊಳ್ಳಲು ಪೌಚ್ ಬೇಕೆಂದಿತ್ತು. ಅಣ್ಣ ಹೊಸ ಯಂತ್ರವನ್ನು ತರಿಸಿದ್ದೇ ಇಂಥದ್ದೊಂದು ಬರಲಿ ಎಂದು. ಆರ್ಡರ್ ತಪ್ಪಿದರೆ ಆ ಯಂತ್ರಕ್ಕೆ ಬಟ್ಟೆ ಹೊದಿಸಿ ಮಲಗಿಸಬೇಕಿತ್ತು, ಅದನ್ನು ನಡೆಸಲೆಂದು ಸೇರಿಸಿಕೊಂಡವರನ್ನು ಮನೆಗೆ ಕಳಿಸಬೇಕಿತ್ತು.

ಪೌಚಿನ ಮೇಲೆ ಹಾಕಲೆಂದು ನಾನು ಬರೆದು ಸಹಿ ಮಾಡುವ ಹೇಳಿಕೆಗಳನ್ನು ಪರಿಶೀಲಿಸಲು ಕಂಪನಿಯ ಕಡೆಯಿಂದ ಒಬ್ಬ ಮೇಡಂ ಬರುತ್ತಿದ್ದರು. ಮೊದಲ ಭೇಟಿಯಲ್ಲೇ ಅವರಿಗೆ ನಾವು 'ಯಾವುದಕ್ಕಿಂತ ಮೇಡಂ' ಎಂದು ಹೆಸರಿಟ್ಟಿದ್ದೆವು. ಅಣ್ಣ ಉತ್ಸಾಹದಿಂದ "ನಮ್ದು ಪ್ಲಾಸ್ಟಿಕ್ ಕಡಿಮೆ" ಅಂದಾಗ ಅವರು ಚಹಾ ಲೋಟ ಕೆಳಗಿಟ್ಟು "ಯಾವುದಕ್ಕಿಂತ?" ಎಂದು ಕೇಳಿದ್ದರು. "ಭೂಮಿಗೆ ಒಳ್ಳೇದು" ಅಂದಾಗ "ಅಂತ ಯಾರು ಅಳೆದ್ರು?" ಅಂದಿದ್ದರು. ಹಸಿರು ಎಲೆಯ ಚಿತ್ರ ನೋಡಿ, "ಈ ಎಲೆ ಏನು ಹೇಳುತ್ತೆ? ಅದನ್ನ ವಾಕ್ಯದಲ್ಲಿ ಬರೆದುಕೊಡಿ, ಪುರಾವೆ ಜೊತೆ" ಎಂದು ಬೆರಳಿಟ್ಟಿದ್ದರು. ಅಣ್ಣನ ಮುಖ ಹುಳ್ಳಗಾಗಿತ್ತು. ನನಗೆ ಮಾತ್ರ ಅವರು ಅಂದೇ ಹಿಡಿಸಿಬಿಟ್ಟರು.

ಎಲೆ ಹೋಯಿತು, ಸ್ನೇಹಿ ಹೋಯಿತು. ಉಳಿದದ್ದು ಸೋಪಿನ ಕಂಪನಿಯ ಬಾಯಲ್ಲಿ ಹೇಳುವ ಒಂದೇ ಸಾಲು: 'ನಮ್ಮದೇ ಒಂದು ಲೀಟರ್ ಬಾಟಲಿಗಿಂತ ಶೇಕಡ 70ರಷ್ಟು ಕಡಿಮೆ ಪ್ಲಾಸ್ಟಿಕ್.' ಬಾಟಲಿ ಅರವತ್ತು ಗ್ರಾಂ, ಪೌಚ್ ಹದಿನೆಂಟು. ಒಂದೇ ಅಳತೆ, ಒಂದೇ ಸೋಪು, ಅಲ್ಲಾಡದ ಲೆಕ್ಕ. ಅಣ್ಣ ತಡೆಯಲಾರದೆ ಆ ಸಾಲಿನೊಂದಿಗೆ ಮೊದಲ ಕಂತಿನ ಫಿಲ್ಮನ್ನು, ಅಂದರೆ ಪೌಚಿನ ಪ್ಲಾಸ್ಟಿಕ್ ಹಾಳೆಯನ್ನು, ಮುದ್ರಿಸಿಯೇ ಬಿಟ್ಟಿದ್ದ. ಉರುಳೆಗಳು ಗೋದಾಮಿನಲ್ಲಿ ಸಾಲಾಗಿ ನಿಂತಿದ್ದವು.

ಮೇಡಂ ಬರುವ ಹಿಂದಿನ ದಿನ ಅವರಿಗೆ ಕೊಡಲು ತಕ್ಕಡಿಯ ಮೇಲಿಟ್ಟ ಪೌಚಿನ ಒಂದು ಫೋಟೊ ಬೇಕಾಯಿತು. ಕಾರ್ಖಾನೆಯ ಹಿಂದೆಯೇ ನಮ್ಮ ಮನೆ. ಅತ್ತಿಗೆ ಪ್ರಯೋಗಕ್ಕೆಂದು ಬಳಸಿ, ತೊಳೆದು, ಸಿಂಕಿನ ಮೇಲೆ ತಲೆಕೆಳಗಾಗಿ ನೇತುಹಾಕಿದ್ದ ಪೌಚನ್ನೇ ತಂದು ತಕ್ಕಡಿಗಿಟ್ಟೆ. ಇಪ್ಪತ್ತನಾಲ್ಕು ಗ್ರಾಂ ತೋರಿಸಿತು.

ಒಳಗೆ ನೀರಿರಬೇಕು ಎಂದುಕೊಂಡೆ. ಕತ್ತರಿಸಿ, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ತುಂಡು ಬಿಡದೆ ಎಲ್ಲವನ್ನೂ ಮತ್ತೆ ಇಟ್ಟೆ. ಅದೇ ಇಪ್ಪತ್ತನಾಲ್ಕು. ಸ್ಟೋರಿನಿಂದ ಹತ್ತು ಹೊಸ ಪೌಚ್ ತಂದು ತೂಗಿದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ, ಸರಾಸರಿ ಅಷ್ಟೇ. ಆಮೇಲೆ ಪೌಚಿನ ಮೂಲೆಯ ಮೂತಿಯ ಮೇಲೆ ಕಣ್ಣುಬಿತ್ತು. ಸೋಪು ಸುರಿಯುವ ಗಟ್ಟಿ ಪ್ಲಾಸ್ಟಿಕ್ ಮೂತಿ, ಅದಕ್ಕೊಂದು ತಿರುಪಿನ ಮುಚ್ಚಳ. ಎರಡೂ ಸೇರಿ ಆರು ಗ್ರಾಂ.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ: ನಾವು ಮಾಡಿದ್ದನ್ನಷ್ಟೇ ನಾವು ತೂಗುವುದು. ಫಿಲ್ಮ್ ನಮ್ಮದು, ಆದ್ದರಿಂದ ಅದಕ್ಕೆ ತಕ್ಕಡಿ. ಮೂತಿ ಹೊರಗಿನಿಂದ ಡಬ್ಬಿಗಟ್ಟಲೆ ಬರುತ್ತದೆ, ಅದನ್ನು ಎಣಿಸುತ್ತಾರೆ, ತೂಗುವುದಿಲ್ಲ. ಬಾಟಲಿಯನ್ನು ಮಾತ್ರ ಸೋಪಿನ ಕಂಪನಿ ಮುಚ್ಚಳದ ಸಮೇತ ಕಳಿಸಿತ್ತು, ಹಾಗೇ ತೂಗಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಅಣ್ಣ ಹೊಸ ಯಂತ್ರದ ಪಕ್ಕ ನಿಂತಿದ್ದ. ಮೂತಿ ಸೇರಿಸಿದರೆ ಎಪ್ಪತ್ತಲ್ಲ, ಅರವತ್ತೇ ಎಂದು ಹೇಳಿದೆ.

"ಮೂತಿ ನಮ್ದಲ್ಲ ಕಣೇ" ಅಂದ ಅವನು, ತಿರುಗಿಯೂ ನೋಡದೆ.

"ಬಾಟಲಿ ಮುಚ್ಚಳ ನಮ್ದಾ? ಅದನ್ನ ಯಾಕೆ ತೂಗಿದ್ವಿ?"

"ಅದು ಬಾಟಲಿ ಜೊತೆ ಬಂದಿತ್ತು."

"ಮೂತಿ ಪೌಚ್ ಜೊತೆ ಹೋಗುತ್ತಲ್ಲ. ಕೊಂಡೋರು ಕಸದ ಬುಟ್ಟಿಗೆ ಹಾಕುವಾಗ, ಇದು ನಿಮ್ದು ಇದು ಅವರ್ದು ಅಂತ ಬೇರೆ ಮಾಡ್ತಾರಾ?"

ಅಣ್ಣನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. "ಎಪ್ಪತ್ತೋ ಅರವತ್ತೋ, ಕಡಿಮೆ ಅನ್ನೋದು ನಿಜ ತಾನೆ? ಆ ಉರುಳೆಗಳನ್ನ ಏನು ಮಾಡಲಿ, ಉಪ್ಪಿನಕಾಯಿ ಹಾಕಲಾ? ಬೇರೆಯವರು ನೂರಕ್ಕೆ ನೂರು ಹಸಿರು ಅಂತ ಬರೀತಾರೆ. ನಾವು ಹತ್ತು ಅಂಕ ಜಾಸ್ತಿ ಬರೆದ್ರೆ ಆಕಾಶ ಬೀಳುತ್ತಾ?"

"ಅರವತ್ತೂ ಒಳ್ಳೆ ಅಂಕಿನೇ ಅಣ್ಣ. ನಿಜವಾದದ್ದು ಕೈಯಲ್ಲಿದ್ದೂ ಸುಳ್ಳು ಹೇಳೋದು ಯಾಕೆ?"

ಅವನು ಯಂತ್ರದ ಕಡೆಗೇ ಬಗ್ಗಿದ. ನಾನು ಸಿಟ್ಟಿನಲ್ಲೇ ಅಂದೆ, "ನಾಳೆ ನಾನು ಬಾಯಿ ಬಿಡಲ್ಲ. ಹೇಳಿದ್ರೆ ನೀನೇ ಹೇಳು. ಆದ್ರೆ ಆ ಸಾಲಿನ ಕೆಳಗೆ ನನ್ನ ಸಹಿ ಇರಲ್ಲ."

ಹೇಳಿ ಬಂದಮೇಲೆ ಒಂದೇ ಯೋಚನೆ. ಅವನು ಹೇಳದಿದ್ದರೆ? ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು ಅವನು. ಅವನನ್ನು ಕಡಿಮೆ ಮಾಡಿ ನೋಡುವ ದಿನ ನನಗೆ ಬೇಡವಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಅನ್ನ ಕಲಸುತ್ತಲೇ ಇದ್ದ. ಅತ್ತಿಗೆ ಇಬ್ಬರ ಮುಖವನ್ನೂ ನೋಡಿ, "ತೂಗೋದೆಲ್ಲ ಮುಗೀತಾ ಇಲ್ವಾ?" ಎಂದಷ್ಟೇ ಕೇಳಿದರು.

ಬೆಳಿಗ್ಗೆ ಯಾವುದಕ್ಕಿಂತ ಮೇಡಂ ಬಂದು, ಕನ್ನಡಕ ಒರೆಸಿಕೊಂಡು ಕೂತರು. "ಎಪ್ಪತ್ತು. ಯಾವುದಕ್ಕಿಂತ ಅನ್ನೋದು ಗೊತ್ತಾಯ್ತು. ಹೇಗೆ ಅಂತ ತೋರಿಸಿ."

ಮೇಜಿನ ಮೇಲೆ ಕತ್ತರಿಸಿದ ಫಿಲ್ಮಿನ ತುಂಡು ಸಿದ್ಧವಾಗಿತ್ತು, ಹದಿನೆಂಟು ಗ್ರಾಮಿನದು. ಅಣ್ಣ ಅದಕ್ಕೆ ಕೈ ಹಾಕಿದ. ನಾನು ಕಿಟಕಿಯ ಕಡೆ ತಿರುಗಿದೆ. ಆಮೇಲೆ ಡ್ರಾಯರ್ ಎಳೆದ ಸದ್ದು.

ನೋಡಿದರೆ, ಮೂತಿ ಮುಚ್ಚಳ ಎಲ್ಲ ಇರುವ ಇಡೀ ಪೌಚನ್ನು ತೆಗೆದು ತಕ್ಕಡಿಯ ಮೇಲಿಟ್ಟಿದ್ದ.

"ಇಪ್ಪತ್ನಾಲ್ಕು ಮೇಡಂ" ಅಂದ. "ನಾವು ಮೂತಿ ಬಿಟ್ಟು ತೂಗಿದ್ವಿ. ಎಪ್ಪತ್ತಲ್ಲ, ಅರವತ್ತು. ಹತ್ತು ಪೌಚ್ ತೂಗಿದೀವಿ. ತಂಗಿ ಕಂಡುಹಿಡಿದಳು."

ಮೇಡಂ ನಗಲಿಲ್ಲ, ಹೊಗಳಲೂ ಇಲ್ಲ. ಕೆಳಗೆ ನೋಡುತ್ತಾ ಲೆಕ್ಕ ಹಾಕಿದರು. "ಮುದ್ರಿಸಿದ ಫಿಲ್ಮ್ ಬಳಸೋ ಹಾಗಿಲ್ಲ. ಹೊಸದು ಬರೋ ಹೊತ್ತಿಗೆ ನಮ್ಮ ದಿನಾಂಕ ದಾಟುತ್ತೆ. ಮೊದಲ ಆರ್ಡರ್ ಅರ್ಧಕ್ಕೆ ಇಳಿಸಬೇಕಾಗುತ್ತೆ. ಮಿಕ್ಕಿದ್ದಕ್ಕೆ ನಾನು ಮಾತು ಕೊಡಲ್ಲ."

ಅಣ್ಣ ತಲೆಯಾಡಿಸಿದ. ಅವನ ಕಿವಿ ಕೆಂಪಾಗಿತ್ತು.

"ಇನ್ನೊಂದು. ಬಾಟಲಿ ಮರುಬಳಕೆಗೆ ಹೋಗುತ್ತೆ. ಈ ಪೌಚ್ ಹೋಗುತ್ತಾ?"

ಎರಡು ಬಗೆಯ ಪ್ಲಾಸ್ಟಿಕ್ ಪದರಗಳನ್ನು ಅಂಟಿಸಿದ ಫಿಲ್ಮ್ ಅದು, ಬಿಡಿಸಲು ಬರುವುದಿಲ್ಲ. "ಈಗಿನ ಮಟ್ಟಿಗೆ ಹೋಗಲ್ಲ" ಎಂದು ನಾನೇ ಹೇಳಿದೆ.

"ಅದನ್ನೂ ಬರೀಬೇಕು. ಲಾಭ ದಪ್ಪಕ್ಷರದಲ್ಲಿ, ಕೊರತೆ ಇರುವೆ ಅಕ್ಷರದಲ್ಲಿ ಅಂತ ಮಾಡಬೇಡಿ."

ಬರೆದು ಓದಿದೆ: 'ನಮ್ಮದೇ ಒಂದು ಲೀಟರ್ ಬಾಟಲಿಗಿಂತ ತೂಕದಲ್ಲಿ ಶೇಕಡ 60ರಷ್ಟು ಕಡಿಮೆ ಪ್ಲಾಸ್ಟಿಕ್, ಪೌಚಿನ ಮೂತಿ, ಎರಡರ ಮುಚ್ಚಳವೂ ಸೇರಿ. ಈ ಪೌಚ್ ಮರುಬಳಕೆಗೆ ಹೋಗುವುದಿಲ್ಲ. ನಿಮ್ಮ ಬಾಟಲಿಯನ್ನು ಎಸೆಯದೆ ಮತ್ತೆ ತುಂಬಿಸಿ.'

"ನಮ್ಮ ಮಾಲಿನ ಮೇಲೆ ನಾವೇ ಬೈಕೊಂಡ ಹಾಗಿದೆ" ಎಂದು ಅಣ್ಣ ಗೊಣಗಿದ. ಆದರೆ ಅಳಿಸು ಅನ್ನಲಿಲ್ಲ. ನಾನು ಕೆಳಗೆ ಸಹಿ ಹಾಕಿದೆ.

ಮೇಡಂ ಕೊನೆಯ ಹಾಳೆ ತಿರುವಿದರು. "ಪ್ರತಿ ಭಾಗದ ತೂಕಕ್ಕೂ ಯಾರು ಹೊಣೆ ಅಂತ ಬರೀಬೇಕು. ಫಿಲ್ಮ್ ನಿಮ್ದು. ಈ ಮೂತಿ ಯಾರ್ದು?"

ಹೊರಗೆ ಯಂತ್ರದ ಸದ್ದು ಬರುತ್ತಿತ್ತು. ಅಣ್ಣ ಪೌಚನ್ನು ಕೈಗೆತ್ತಿಕೊಂಡು, ಸಡಿಲವಾಗಿದ್ದ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ.

"ನಮ್ದೇ" ಅಂದ.