ಮೂರನೇ ಪಂಕ್ತಿಯ ಸಾರು

ಮದುವೆ ಊಟಕ್ಕೆ ಕರೆಯದೆ ಹೋಗುವುದು ಅಷ್ಟು ಸುಲಭ ಎಂದು ವಿಶಾಖಾಗೆ ಗೊತ್ತಿರಲಿಲ್ಲ. ಚಾಮರಾಜಪೇಟೆಯ ಆ ಛತ್ರದ ಬಾಗಿಲಲ್ಲಿ ಯಾರೋ ಪನ್ನೀರು ಚಿಮುಕಿಸಿದರು, ಯಾರೋ ಕೈಗೆ ಹೂವು ಕೊಟ್ಟರು, ಮತ್ತೊಬ್ಬರು ‘ಊಟ ಮಾಡ್ಕೊಂಡೇ ಹೋಗಬೇಕು’ ಎಂದು ಗದರಿದರು. ಅವಳು ಬಂದಿದ್ದು ಊಟಕ್ಕಲ್ಲ, ಒಂದು ಪಾದವನ್ನು ನೋಡುವುದಕ್ಕೆ.

ಪಾದ ಚಕ್ರಪಾಣಿಯದು. ವಯಸ್ಸು ನಲವತ್ತನಾಲ್ಕು. ಅಡುಗೆ ಕಂಟ್ರಾಕ್ಟರ್ ಮಧುಸೂದನ್ ತಂಡದಲ್ಲಿ ಸಾರು ಬಡಿಸುವವನು. ಎರಡು ವರ್ಷದ ಹಿಂದೆ ಅವನ ಬೆನ್ನಿನ ಡಿಸ್ಕ್ ಜಾರಿ ಬಲಗಾಲಿಗೆ ಹೋಗುವ ನರವೊಂದನ್ನು ಹಿಸುಕಿತ್ತು. ಆಪರೇಷನ್ ಆಯಿತು, ನೋವು ಹೋಯಿತು. ಹೋಗುವಾಗ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಗೆ ಒತ್ತಿಕೊಂಡಿರುವ ಸ್ನಾಯುವಿನ ಬಹುಪಾಲು ಬಲವನ್ನೂ ಒಯ್ದಿತು. ಪಾದವನ್ನು ಮೇಲೆತ್ತುವುದು ಆ ಸ್ನಾಯುವಿನ ಕೆಲಸ. ಬಸವನಗುಡಿಯಲ್ಲಿ ವಿಶಾಖಾ ನಡೆಸುವ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಅವನು ಮೊದಲು ಬಂದಾಗ ಬಲಗಾಲಿನ ಚಪ್ಪಲಿಯ ಮೂತಿ ಸವೆದುಹೋಗಿತ್ತು.

ಆಗ ಅವಳು ಅವನಿಗೆ ಹೇಳಿದ್ದು ಇಷ್ಟು. ಕಾಲು ಹಿಂದಿನಿಂದ ಮುಂದಕ್ಕೆ ಬರುವಾಗ ಪಾದ ತನ್ನ ಭಾರಕ್ಕೆ ಜೋತುಬೀಳುತ್ತದೆ. ಆ ಸ್ನಾಯು ಅದನ್ನು ಎಳೆದು ಹಿಡಿದುಕೊಳ್ಳುವುದರಿಂದ ಬೆರಳುಗಳು ನೆಲಕ್ಕೆ ತಾಗದೆ ದಾಟುತ್ತವೆ. ಹಾಗೆ ದಾಟುವಾಗ ಬೆರಳಿಗೂ ನೆಲಕ್ಕೂ ನಡುವೆ ಉಳಿಯುವ ಜಾಗ ಯಾರಿಗೂ ಹೆಚ್ಚಿಲ್ಲ, ಓಡುವ ಹುಡುಗರಿಗೂ ಇಲ್ಲ. ಒಂದು ಬೆರಳಗಲ ಇದ್ದರೆ ಅದೇ ದೊಡ್ಡದು. ಪಾದ ಅತಿ ವೇಗವಾಗಿ ಹೋಗುವ ಕ್ಷಣವೂ ಹೆಚ್ಚುಕಡಿಮೆ ಅದೇ.

‘ಅಂದ್ರೆ ಎಲ್ಲರೂ ಬೀಳೋದ್ರಲ್ಲೇ ಇರ್ತಾರೆ’ ಎಂದಿದ್ದ ಚಕ್ರಪಾಣಿ.

‘ಹೂಂ. ಅವರಿಗೆ ಗೊತ್ತಿಲ್ಲ ಅಷ್ಟೇ.’

ಬೂಟಿನೊಳಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅವಳು ಮಾಡಿಸಿಕೊಟ್ಟಿದ್ದಳು. ಅದು ಪಾದವನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಬೂಟು ಬೇಕು. ಬಡಿಸುವವರು ಬರಿಗಾಲಲ್ಲಿ, ಪಂಚೆಯುಟ್ಟು ಓಡಾಡಬೇಕು. ಬರಿಗಾಲಿಗೆ ಕಟ್ಟುವ ಎಲಾಸ್ಟಿಕ್ ಪಟ್ಟಿಯನ್ನೂ ಕೊಟ್ಟು ನೋಡಿದಳು. ಅದು ಮೊದಲ ದಿನವೇ ಒದ್ದೆ ನೆಲದಲ್ಲಿ ನೆನೆದು ಪಾದದಿಂದ ಕಳಚಿಕೊಂಡಿತು. ಉಳಿದದ್ದು ವ್ಯಾಯಾಮ. ತಿಂಗಳುಗಟ್ಟಲೆ ಅವನು ಮಾಡಿದ. ಕ್ಲಿನಿಕ್ಕಿನಲ್ಲಿ ಈಚೆಗೆ ಅವಳ ಕೈಗೆ ಎದುರಾಗಿ ಪಾದವನ್ನು ಗಟ್ಟಿಯಾಗಿಯೇ ಹಿಡಿಯುತ್ತಿದ್ದ. ಆದರೂ ಕಳೆದ ವಾರ ಬಂದವನು, ‘ಮೇಡಂ, ಮೂರನೇ ಪಂಕ್ತಿಗೆ ಕಾಲು ನನ್ನ ಮಾತು ಕೇಳ್ತಿಲ್ಲ’ ಎಂದ. ಹೋದ ತಿಂಗಳು ಒಂದು ಸಲ ಮುಗ್ಗರಿಸಿದ್ದನಂತೆ. ಇನ್ನೊಂದು ಸಲ ಆದರೆ ಸಾರಿನ ಬಕೆಟ್ ಮುಟ್ಟಬಾರದೆಂದು ಮಧುಸೂದನ್ ಹೇಳಿಯಾಗಿತ್ತು.

‘ಸಾರು ಹೋದ್ರೆ ಏನಾಯ್ತು? ಬೇರೆ ಏನಾದ್ರೂ ಬಡಿಸಿ’ ಎಂದಿದ್ದಳು ವಿಶಾಖಾ.

‘ಉಪ್ಪು ಬಡಿಸ್ಲಾ?’ ಅವನು ನಕ್ಕಿದ್ದ. ‘ಇಪ್ಪತ್ತು ವರ್ಷದಿಂದ ನನ್ನ ಹೆಸರೇ ಸಾರು ಚಕ್ರಪಾಣಿ ಮೇಡಂ. ಮನೆಗೆ ಫೋನ್ ಮಾಡೋರೂ ಸಾರು ಇದಾರಾ ಅಂತಾರೆ. ನನ್ನ ಹೆಂಡ್ತಿ ಇಲ್ಲ, ಹುಳಿ ಇದೆ ಅಂತಾಳೆ.’

ಕ್ಲಿನಿಕ್ಕಿಗೆ ಅವನು ಆಟೋದಲ್ಲಿ ಬಂದು, ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಆಮೇಲೆ ಅವಳ ಮುಂದೆ ಕಾಲು ಚಾಚುತ್ತಿದ್ದ. ಅವಳು ಯಾವಾಗಲೂ ನೋಡಿದ್ದು ವಿಶ್ರಾಂತಿ ಪಡೆದ ಪಾದವನ್ನು. ದಣಿದ ಪಾದ ನೋಡಬೇಕಿದ್ದರೆ ಇಲ್ಲಿಗೆ ಬರಬೇಕಿತ್ತು.

ಮೊದಲ ಪಂಕ್ತಿಗೆ ಅವಳು ಊಟದ ಹಾಲಿನ ಮೂಲೆಯಲ್ಲಿ, ಕೈತೊಳೆಯುವ ಜಾಗದ ಪಕ್ಕ ನಿಂತಳು. ಉದ್ದುದ್ದ ಮೇಜುಗಳು, ನಡುವೆ ಒಬ್ಬರು ಹೋಗುವಷ್ಟು ಓಣಿ. ಅಡುಗೆಮನೆಗೂ ಹಾಲಿಗೂ ನಡುವೆ ಗ್ರಾನೈಟಿನ ಸಂದು ಮುಚ್ಚಲು ಜಡಿದ ಅಲ್ಯೂಮಿನಿಯಂ ಪಟ್ಟಿ. ಅದು ನೆಲದಿಂದ ಎರಡು ನಾಣ್ಯ ಪೇರಿಸಿದಷ್ಟು ಎತ್ತರ. ಮೆಟ್ಟಿಲಾಗಿದ್ದರೆ ಕಣ್ಣು ನೋಡುತ್ತದೆ, ತೊಡೆ ಎತ್ತುತ್ತದೆ. ಇಷ್ಟು ತಗ್ಗಿನದನ್ನು ಯಾರೂ ನೋಡುವುದಿಲ್ಲ. ಅವಳಿಗೆ ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಚಕ್ರಪಾಣಿ ಎಡಗೈಯಲ್ಲಿ ಹೊಗೆಯಾಡುವ ಸ್ಟೀಲ್ ಬಕೆಟ್, ಬಲಗೈಯಲ್ಲಿ ಸೌಟು ಹಿಡಿದು ಬಂದ. ಹಿಮ್ಮಡಿ ಊರುತ್ತಿತ್ತು, ಪಾದ ಮೆಲ್ಲಗೆ ಇಳಿಯುತ್ತಿತ್ತು, ಬೆರಳುಗಳು ಪಟ್ಟಿಯನ್ನು ದಾಟುತ್ತಿದ್ದವು. ‘ಸಾರು, ಸಾರು, ಅನ್ನದಲ್ಲಿ ಗುಂಡಿ ಮಾಡ್ಕೊಳಿ ಅಜ್ಜಿ, ಇಲ್ಲಾಂದ್ರೆ ಸಾರು ಮಾವನ ಮನೆಗೆ ಓಡುತ್ತೆ.’ ಅಜ್ಜಿ ನಕ್ಕರು. ಎಲೆಯ ಮೇಲೆ ಒಂದು ಹನಿಯೂ ಆಚೀಚೆ ಆಗಲಿಲ್ಲ. ಅವನು ಅವಳನ್ನು ನೋಡಿ ಹುಬ್ಬು ಹಾರಿಸಿದ. ಹೇಗಿದೆ?

ಚೆನ್ನಾಗಿಯೇ ಇತ್ತು. ಅವಳಿಗೆ ಒಂದು ಕ್ಷಣ ತನ್ನ ಕೆಲಸದ ಬಗ್ಗೆ ಹೆಮ್ಮೆಯೂ ಆಯಿತು.

ಎರಡನೇ ಪಂಕ್ತಿಯ ನಡುವೆ ಅವಳು ಅದನ್ನು ಮೊದಲು ಕೇಳಿದಳು. ಟಪ್. ಹಿಮ್ಮಡಿ ಊರಿದ ಮೇಲೆ ಪಾದವನ್ನು ಹಿಡಿದು ಹಿಡಿದು ಇಳಿಸಬೇಕಾದ್ದೂ ಅದೇ ಸ್ನಾಯು. ಅದು ದಣಿದರೆ ಪಾದ ಇಳಿಯುವುದಿಲ್ಲ, ಬೀಳುತ್ತದೆ. ಟಪ್, ಟಪ್. ಗಲಾಟೆಯಲ್ಲಿ ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಆಮೇಲೆ ಅವನು ಬಲಸೊಂಟವನ್ನು ಎತ್ತಿ ಹಾಕತೊಡಗಿದ. ಮೊಣಕಾಲನ್ನು ಸ್ವಲ್ಪ ಹೆಚ್ಚೇ ಮಡಿಸಿದ, ಕೆಸರಿನಲ್ಲಿ ಹೋಗುವವನಂತೆ. ಪಾದ ಮಾಡದ್ದನ್ನು ಸೊಂಟ ಮಾಡುತ್ತಿತ್ತು. ಆದರೆ ಸೊಂಟವೂ ದಣಿಯುತ್ತದೆ.

ಪಂಕ್ತಿ ಮುಗಿದು ಎಲೆ ಎತ್ತುವಾಗ ಅವಳು ಅಡುಗೆಮನೆಯ ಹಿಂದಕ್ಕೆ ಹೋದಳು. ಅವನು ಅಕ್ಕಿ ಮೂಟೆಯ ಮೇಲೆ ಕೂತಿದ್ದ. ಹಿಮ್ಮಡಿ ನೆಲದಲ್ಲಿ, ಬಲಪಾದದ ಮುಂಭಾಗ ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ. ಮುಖದ ಮೇಲೆ ಬೆವರು.

‘ಏನ್ಮಾಡ್ತಿದೀರಿ?’

‘ನೀವು ಹೇಳಿದ್ದೇ. ಬಿಡುವಾದಾಗೆಲ್ಲ ಮಾಡಿ ಅಂದಿದ್ರಲ್ಲ? ಬೆಳಿಗ್ಗೆ ಬಸ್ ಹತ್ತೋಕೆ ಮುಂಚೆ ಮಾಡ್ದೆ. ತಿಂಡಿ ಬಡಿಸಿ ಮಾಡ್ದೆ. ಮೊದಲ್ನೇ ಪಂಕ್ತಿ ಆದ್ಮೇಲೂ ಮಾಡ್ದೆ.’ ಅವನ ದನಿಯಲ್ಲಿ ಶಾಲೆಯ ಹುಡುಗನ ಶ್ರದ್ಧೆ ಇತ್ತು. ‘ಒಂದ್ ದಿನಾನೂ ಬಿಟ್ಟಿಲ್ಲ ಮೇಡಂ.’

ಬಿಡುವಾದಾಗೆಲ್ಲ. ಅವಳು ಎಲ್ಲರಿಗೂ ಹೇಳುವ ಮಾತು. ಹತ್ತರಲ್ಲಿ ಒಂಬತ್ತು ಜನ ಮಾಡುವುದೇ ಇಲ್ಲವೆಂದು ಗೊತ್ತಿದ್ದೇ ಹೇಳುವ ಮಾತು. ಚಕ್ರಪಾಣಿ ಹತ್ತನೆಯವನು.

‘ನಿಲ್ಲಿಸಿ’ ಎಂದಳು. ‘ದಯವಿಟ್ಟು ನಿಲ್ಲಿಸಿ. ಆ ಸ್ನಾಯುವಲ್ಲಿ ನರ ಬಂದು ಮುಟ್ತಿರೋ ಎಳೆಗಳು ಸ್ವಲ್ಪಾನೇ ಉಳಿದಿರೋದು. ಎಲ್ಲರ ಕೆಲಸಾನೂ ಅವೇ ಮಾಡ್ತಿವೆ. ಬಿಡುವಲ್ಲಿ ನೀವು ಅವಕ್ಕೆ ವಿಶ್ರಾಂತಿ ಕೊಡಬೇಕಿತ್ತು. ಬದಲು ಇನ್ನೂ ದುಡಿಸ್ತಿದೀರಿ.’

‘ನೀವೇ ಅಲ್ವಾ...’

‘ನಾನೇ. ತಪ್ಪು ಹೇಳ್ದೆ. ಈ ಪಂಕ್ತಿಗೆ ಹೋಗ್ಬೇಡಿ. ಸೋತ ಪಾದ ಈಗ ನೆಲ ಸವರ್ಕೊಂಡೇ ಹೋಗುತ್ತೆ.’

ಅಷ್ಟರಲ್ಲಿ ಮಧುಸೂದನ್ ಬಾಗಿಲಲ್ಲಿ ತಲೆ ಹಾಕಿದ. ಹೆಗಲ ಮೇಲೆ ಟವೆಲ್, ಕಿವಿಯಲ್ಲಿ ಫೋನ್. ‘ಏನೋ ಸಾರು, ಮೂಟೆ ಮೇಲೆ ಆರತಿ ಎತ್ತಿಸ್ಕೊಳ್ತಿದೀಯಾ? ಹುಡುಗನ ಕಡೆಯೋರು ಕೂತಾಯ್ತು. ಅನ್ನ ಹೋಯ್ತು, ಸಾರೆಲ್ಲಿ ಅಂತಿದಾರೆ. ಬಾರೋ!’ ವಿಶಾಖಾಳನ್ನು ನೋಡಿ ದನಿ ಬದಲಿಸಿದ. ‘ನೀವು ಊಟಕ್ಕೆ ಕೂತ್ಕೊಳಿಮ್ಮ, ಇಲ್ಲೆಲ್ಲ ಜಾರುತ್ತೆ.’

ಅವಳು ಬಾಯಿ ತೆರೆದಳು. ಚಕ್ರಪಾಣಿ ಅವಳನ್ನೇ ನೋಡುತ್ತಿದ್ದ. ಹೇಳಬೇಡಿ ಎಂದು ಅವನ ಮುಖದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಅವನು ಎದ್ದು ಬಕೆಟ್ ತುಂಬಿಸಿಕೊಂಡು ಹೋದ. ಅವಳು ಹಿಂದೆಯೇ ಓಡಿದಳು.

ಮೊದಲ ಸಲ ಪಟ್ಟಿಯನ್ನು ದಾಟಿದ. ಮೇಜಿನ ಸಾಲಿನ ಅರ್ಧಕ್ಕೆ ಬರುವಾಗ ಬಲಗಾಲಿನ ಹೆಬ್ಬೆರಳು ಒದ್ದೆ ಗ್ರಾನೈಟಿನ ಮೇಲೆ ಸಣ್ಣ ಗೆರೆ ಎಳೆಯುತ್ತಿತ್ತು. ಬಕೆಟ್ ಖಾಲಿಯಾಗಿ ಹಿಂತಿರುಗಿದ, ತುಂಬಿಸಿಕೊಂಡು ಮತ್ತೆ ಬಂದ. ಈ ಸಲ ಪಟ್ಟಿ ಅವನ ಬೆರಳುಗಳನ್ನು ಹಿಡಿದುಕೊಂಡಿತು. ದೇಹ ಮುಂದೆ ಹೋಯಿತು, ಕಾಲು ಹಿಂದೆಯೇ ಉಳಿಯಿತು.

ಹತ್ತಿರದ ಮೇಜಿನ ತುದಿಯಲ್ಲಿ ರೇಷ್ಮೆ ಲಂಗದ ಹುಡುಗಿಯೊಬ್ಬಳು ಹಪ್ಪಳ ಮುರಿಯುತ್ತಿದ್ದಳು. ಬಕೆಟ್ ಅವಳ ತಲೆಯ ಕಡೆಗೇ ಹೊರಟಿತ್ತು. ಚಕ್ರಪಾಣಿ ಹೇಗೋ ಸೊಂಟ ತಿರುಗಿಸಿ ಅದನ್ನು ತನ್ನತ್ತ ಎಳೆದುಕೊಂಡ, ಎಡಗಾಲ ಮೇಲೆ ಎರಡು ಸಲ ಕುಪ್ಪಳಿಸಿ ಗೋಡೆ ಹಿಡಿದು ನಿಂತ. ಬೀಳಲಿಲ್ಲ. ಬಕೆಟ್ಟಿನಿಂದ ಒಂದಷ್ಟು ಸಾರು ಉಕ್ಕಿ ಅವನ ಬಲಪಾದದ ಮೇಲೆ ಸುರಿಯಿತು. ಹುಡುಗಿ ತಲೆಯೆತ್ತಿ ನೋಡಿ, ಮತ್ತೆ ಹಪ್ಪಳಕ್ಕೆ ಮರಳಿದಳು.

‘ಸಾರು, ಸಾರು’ ಎಂದ ಚಕ್ರಪಾಣಿ. ಮೊದಲ ಎಲೆಗೆ ಬಡಿಸಿದ. ಎರಡನೆಯದಕ್ಕೆ ಬಡಿಸಿದ.

ವಿಶಾಖಾ ಅವನ ಪಾದವನ್ನೇ ನೋಡುತ್ತಿದ್ದಳು. ಅದರ ಮೇಲೆ ಬೇಳೆ ಮತ್ತು ಕೊತ್ತಂಬರಿ ಅಂಟಿಕೊಂಡು, ಚರ್ಮ ಕೆಂಪಗಾಗುತ್ತಿತ್ತು. ಅವನು ಒಮ್ಮೆಯೂ ಕೆಳಗೆ ನೋಡಲಿಲ್ಲ. ಕುದಿಯುವ ಸಾರು ಬಿದ್ದಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಬೆನ್ನಿನಲ್ಲಿ ಹಿಸುಕಿಹೋಗಿದ್ದ ಆ ನರ ಪಾದವನ್ನು ಎತ್ತಿಸುವುದಷ್ಟೇ ಅಲ್ಲ, ಪಾದದ ಮೇಲ್ಭಾಗದ ಸ್ಪರ್ಶವನ್ನೂ ಮೆದುಳಿಗೆ ಮುಟ್ಟಿಸುವಂಥದು.

ಅವಳು ಓಣಿಗೆ ಅಡ್ಡ ನಿಂತು ಬಕೆಟ್ಟಿನ ಹಿಡಿಕೆಯ ಮೇಲೆ ಕೈಯಿಟ್ಟಳು. ‘ಬಿಡಿ.’

‘ಮೇಡಂ, ಎಲ್ಲರೂ ನೋಡ್ತಿದಾರೆ.’

‘ಬಿಡಿ ಚಕ್ರಪಾಣಿಯವರೇ. ಕಾಲು ನೋಡ್ಕೊಳಿ.’

ಅವನು ನೋಡಿದ. ಅದು ಬೇರೆ ಯಾರದೋ ಕಾಲು ಎಂಬಂತೆ ನೋಡಿದ. ಬಕೆಟ್ ಬಿಟ್ಟ.

ಹಿತ್ತಲಿನ ನಲ್ಲಿಯ ಕೆಳಗೆ ಅವನ ಪಾದವಿಟ್ಟು ಅವಳು ನೀರು ಬಿಟ್ಟಳು. ಒಳಗೆ ಬೇರೆ ಯಾರದೋ ದನಿ ಸಾರು ಸಾರು ಎನ್ನುತ್ತಿತ್ತು. ಮಧುಸೂದನ್ ಬಂದು ನಿಂತ. ಈಗ ಅವಳು ಯಾರೆಂದು ಅವನಿಗೆ ಗೊತ್ತಾಗಿತ್ತು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

‘ಆ ಮಗು ಹುಡುಗನ ಅಕ್ಕನ ಮಗಳು ಕಣೋ’ ಎಂದ. ‘ಒಂದು ಗೇಣು ಆಚೆ ಆಗಿದ್ರೆ ಏನ್ಮಾಡ್ತಿದ್ವಿ?’ ಸ್ವಲ್ಪ ಹೊತ್ತು ನೀರನ್ನು ನೋಡಿದ. ‘ನಾಳೆಯಿಂದ ತರಕಾರಿ ಹೆಚ್ಚೋಕೆ ಕೂತ್ಕೊ. ಬಡಿಸೋಕೆ ಬೇಡ. ಸಾರೂ ಬೇಡ, ಉಪ್ಪೂ ಬೇಡ.’

ಅವನು ಹೋದ ಮೇಲೆ ಚಕ್ರಪಾಣಿ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ಕೇಳಿದ, ‘ಈಗ ಸುಮ್ನೆ ಕೂತ್ರೆ ಕಾಲಿಗೆ ಶಕ್ತಿ ವಾಪಸ್ ಬರುತ್ತಲ್ವಾ?’

‘ಬರುತ್ತೆ. ಇರೋವಷ್ಟು.’

‘ಹಾಗಾದ್ರೆ ಸಾಯಂಕಾಲ ರಿಸೆಪ್ಷನ್‌ಗೆ—’

‘ಮೊದಲ್ನೇ ಪಂಕ್ತಿ ಚೆನ್ನಾಗಿ ಹೋಗುತ್ತೆ’ ಎಂದಳು ವಿಶಾಖಾ. ‘ಆಮೇಲೆ ಮತ್ತೆ ಇದೇ.’

‘ವ್ಯಾಯಾಮ ಕಮ್ಮಿ ಮಾಡಿದ್ರೆ?’

‘ಎರಡನೇದು ಚೆನ್ನಾಗಿ ಹೋಗಬಹುದು. ಮೂರನೇದು ಇಲ್ಲ. ಎರಡು ವರ್ಷ ಆಯ್ತು. ನರ ಬೆಳೀಬೇಕಾದ್ದು ಬೆಳೆದಾಯ್ತು.’

ಈ ಮಾತನ್ನು ಅವಳು ಆರು ತಿಂಗಳ ಹಿಂದೆಯೇ ಹೇಳಬಹುದಿತ್ತು. ಅವನು ಹಿಮ್ಮಡಿಯನ್ನು ಕಲ್ಲಿನ ಮೇಲೆ ಊರಿ ಕೂತಿದ್ದ. ಸುರಿಯುವ ನೀರಿನಡಿಯಲ್ಲಿ ಬೆರಳುಗಳು ಕೆಳಗೆ ಜೋತುಬಿದ್ದಿದ್ದವು. ಕೊತ್ತಂಬರಿ ಎಲೆಯೊಂದು ತೊಳೆದುಹೋಗದೆ ಬೆರಳ ಸಂದಿಯಲ್ಲಿ ಉಳಿದಿತ್ತು. ಅವಳು ಬಾಗಿ ಅದನ್ನು ತೆಗೆದಳು. ಅಲ್ಲೇ ಪಕ್ಕದಲ್ಲಿ ಗುಳ್ಳೆ ಏಳತೊಡಗಿತ್ತು.

‘ನೋವೇ ಇಲ್ಲ ನೋಡಿ ಮೇಡಂ’ ಎಂದ ಚಕ್ರಪಾಣಿ, ಅವಳನ್ನು ಸಮಾಧಾನ ಮಾಡುವವನಂತೆ.