ಮೀನಿಲ್ಲದ ಸಾರು

ಯಾಗೋಡಾ ಶವಪೆಟ್ಟಿಗೆಯೊಳಗೆ ಕೈ ಹಾಕಿ ಸೌಟನ್ನು ಹೊರಗೆಳೆದಳು. ಗಂಡನ ಜೊತೆ ಹೋಗಲಿ ಎಂದು ಅವಳೇ ಇಟ್ಟಿದ್ದು ಬಾಚಣಿಗೆ, ಓದುವ ಕನ್ನಡಕ, ಒಂದು ಪ್ಯಾಕು ಸಿಗರೇಟು. ಅವುಗಳ ನಡುವೆ, ಅವನ ಮಡಚಿದ ಕೈಗಳ ಕೆಳಗೆ, ಯಾರೋ ಈ ಮಸಿ ಹಿಡಿದ ಉದ್ದ ಹಿಡಿಯ ಮರದ ಸೌಟನ್ನು ತುರುಕಿದ್ದರು. ಹಿಡಿಗೆ ಕೆಂಪು ರಿಬ್ಬನ್ನು ಬೇರೆ ಕಟ್ಟಿತ್ತು.

"ಯಾರ ಕೆಲಸ ಇದು?"

ಕಿಟಕಿಯ ಹತ್ತಿರ ನಿಂತಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮಿಲೂನ್, ಇನ್ನೊಬ್ಬ ಲಾಜಾ. ಸತ್ತವನ ಬಾಲ್ಯದ ಗೆಳೆಯರು. ಬೆಳಗಿನ ಎಂಟಕ್ಕೇ ಇಬ್ಬರ ಬಾಯಲ್ಲೂ ಪ್ಲಮ್ ಸಾರಾಯಿಯ ವಾಸನೆ.

"ಅದು ಅವನದ್ದೇ ಅಲ್ವಾ ಅತ್ತಿಗೆ," ಅಂದ ಮಿಲೂನ್. "ಜೊತೇಲಿ ಹೋಗ್ಲಿ ಅಂತ."

"ಅವನದ್ದಲ್ಲ, ನಿಂದು. ಅವನು ಈ ಸೌಟು ಮುಟ್ಟಿ ಎಷ್ಟು ವರ್ಷ ಆಯ್ತು? ಹೋಟ್ಲು ಗೋಡೆಗೆ ನೇತು ಹಾಕಿದ್ದು ನೀನು. ರಿಬ್ಬನ್ ಕಟ್ಟಿದ್ದು ನೀನು."

"ಒಂದು ಪ್ರೀತಿ ಅತ್ತಿಗೆ..."

"ಕೇಳು ಕೂಮಾ. ಸಾಯೋ ಮುಂಚೆ ಸ್ರೆಟೆನ್ ನನ್ನ ಹತ್ರ ಒಂದೇ ಒಂದು ಕೇಳ್ಕೊಂಡ. ಪಾದ್ರಿ ಯಾರು ಬರಬೇಕು ಅಂತ ಕೇಳ್ಲಿಲ್ಲ, ಯಾವ ಕೋಟು ಹಾಕಬೇಕು ಅಂತ ಕೇಳ್ಲಿಲ್ಲ. 'ನನ್ನ ಮಣ್ಣಿನ ದಿವಸ ಆ ಮೀನಿನ ಮಾತು ಯಾರೂ ಎತ್ತೋದು ಬೇಡ' ಅಂದ. ಅಷ್ಟೇ."

ಮಿಲೂನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಹಂಗಂದ್ನಾ?" ಎಂದ. ಆಮೇಲೆ ಎದೆ ಮುಟ್ಟಿಕೊಂಡು, "ಆಯ್ತು. ನನ್ನ ಬಾಯಿಂದ ಆ ಮಾತು ಬರಲ್ಲ. ಆಣೆ," ಎಂದ.

ಅವಳು ಸೌಟನ್ನು ಹಿತ್ತಲಿನ ಸೌದೆ ರಾಶಿಗೆ ಎಸೆದು ಬಂದು ಕೈ ತೊಳೆದಳು. ಎರಡು ಸಲ ತೊಳೆದಳು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಬಾಗಿಲು ತೋರಿಸುತ್ತಿದ್ದಳು. ಆದರೆ ಮಿಲೂನ್ ಅವರ ಮದುವೆಗೆ ಸಾಕ್ಷಿಯಾಗಿ ನಿಂತವನು, ಕೂಮ. ಕೂಮ ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಅವನಿಗೆ ಬಾಗಿಲು ಹಾಕಿದವರ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರೆ. ಹಾಗೆ ಹೇಳಿ ಹೇಳಿಯೇ ಆ ಊರಿನಲ್ಲಿ ಕೂಮಂದಿರು ಕೊಬ್ಬಿರುವುದು.

*

ಮೊದಲ ಸಲ ಆ ಮಾತು ಕೇಳಿದಾಗ ಅವಳು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳು.

ಡ್ಯಾನ್ಯೂಬ್ ದಂಡೆಯಲ್ಲಿ ಮೀನು ಸಾರಿನ ಪಂದ್ಯ. ಒಂದೊಂದು ಗುಂಪಿಗೆ ಒಂದೊಂದು ಹಂಡೆ. ಆಗ ಸ್ರೆಟೆನ್ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್, ಮೀಸೆ ಆಗಷ್ಟೇ ದಪ್ಪವಾಗುತ್ತಿದ್ದ ಹುಡುಗ. ಈರುಳ್ಳಿ, ಕೆಂಪು ಮೆಣಸಿನ ಪುಡಿ, ಟೊಮೇಟೊ ಎಲ್ಲ ಅವನೇ ಹಾಕಿದ. ಮೀನು ಹಾಕಬೇಕಾದವನು ಲಾಜಾ. ಲಾಜಾ ಹಾಕಿದ ಅಂದುಕೊಂಡ ಸ್ರೆಟೆನ್, ಸ್ರೆಟೆನ್ ಹಾಕಿದ ಅಂದುಕೊಂಡ ಲಾಜಾ. ಆ ಸಾರಿಗೆ ಸೌಟು ಹಾಕಿ ಕಲಕುವ ಹಾಗಿಲ್ಲ, ಮೀನು ಮುರಿಯುತ್ತದೆ. ಹಂಡೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಬೇಕು. ಹಾಗಾಗಿ ಇಬ್ಬರೂ ಒಂದು ಗಂಟೆ ಬರೀ ಕೆಂಪು ನೀರನ್ನು ಭಕ್ತಿಯಿಂದ ಅಲುಗಿಸಿದರು. ತೀರ್ಪು ಕೊಡುವವನು ಬಂದು ಸ್ರೆಟೆನ್‌ನ ಉದ್ದ ಹಿಡಿಯ ಸೌಟು ಇಳಿಸಿದ. ಎತ್ತಿದ. ಮತ್ತೆ ಇಳಿಸಿದ.

"ಮೀನೆಲ್ಲಿ?"

ಸ್ರೆಟೆನ್ ಹಂಡೆಯೊಳಗೆ ಬಗ್ಗಿ ನೋಡಿದ. ತಲೆ ಕೆರೆದ. ನದಿಯ ಕಡೆ ಒಂದು ಸಲ ನೋಡಿದ.

"ಈಗ ತಾನೆ ಇಲ್ಲೇ ಇತ್ತು," ಎಂದ.

ದಂಡೆಯೆಲ್ಲಾ ನಕ್ಕಿತು. ಆ ಸಂಜೆ ಯಾಗೋಡಾ ಅವನ ಜೊತೆ ಕುಣಿದಳು.

ಆಮೇಲೆ ಆ ಮಾತು ಅವನ ಆಸ್ತಿಯಾಯಿತು. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಮರೆತಿರಬೇಕು, ಆಗ ಎಲ್ಲಿಂದಲೋ ತೆಗೆಯುತ್ತಿದ್ದ. ಮದುವೆಯ ದಿನ ಪಾದ್ರಿ ಉಂಗುರ ಕೇಳಿದಾಗ ಜೇಬು ತಡವಿಕೊಂಡು ಅವಳ ಕಿವಿಯಲ್ಲಿ ಅಂದ, "ಈಗ ತಾನೆ ಇಲ್ಲೇ ಇತ್ತು." ಅವಳು ನಗು ತಡೆಯಲಾರದೆ ಕೆಮ್ಮಿದಳು. ದೇಶ ಒಡೆದು ಚೂರಾದ ವರ್ಷ ಗೋಡೆಯ ಮೇಲಿನ ಹಳೆಯ ಭೂಪಟ ನೋಡುತ್ತಾ ಅದನ್ನೇ ಹೇಳಿದ. ಸಕ್ಕರೆ ಕಾರ್ಖಾನೆಗೆ ಬೀಗ ಬಿದ್ದ ದಿನ ಗೇಟಿನ ಮುಂದೆ ಊಟದ ಡಬ್ಬಿ ಹಿಡಿದು ನಿಂತು ಅದನ್ನೇ ಹೇಳಿದ. ಅಳುತ್ತಿದ್ದ ಗಂಡಸರು ನಕ್ಕರು. ಪ್ರತಿ ಸಲ ಮಾತು ಅದೇ, ಕಳೆದುಹೋದದ್ದು ಬೇರೆ. ಕಳೆದುಕೊಂಡವನೂ ಅವನೇ, ಹೇಳಿದವನೂ ಅವನೇ.

*

ಅದು ಯಾವಾಗ ಕೊಳೆಯಿತು ಅಂತ ಕೇಳಿದರೆ ಯಾಗೋಡಾ ಖಂಡಿತವಾಗಿ ಹೇಳಬಲ್ಲಳು. ಅವನು ಹೇಳುವುದು ಬಿಟ್ಟು ಅವರು ಕೇಳುವುದಕ್ಕೆ ಶುರುಮಾಡಿದಾಗ.

ಶನಿವಾರ ಹೋಟೆಲಿನ ಬಾಗಿಲಲ್ಲಿ ಸ್ರೆಟೆನ್ ಕಾಲಿಟ್ಟರೆ ಸಾಕು, ಒಳಗಿನಿಂದ ಮಿಲೂನ್ ಕೂಗುತ್ತಿದ್ದ, "ಮೀನೆಲ್ಲಿ?" ಉತ್ತರ ಕೊಡುವವರೆಗೂ ಕುರ್ಚಿ ಇಲ್ಲ. ಏನೂ ಕಳೆದಿರುತ್ತಿರಲಿಲ್ಲ, ಏನೂ ಆಗಿರುತ್ತಿರಲಿಲ್ಲ, ಆದರೂ ಹೇಳಬೇಕು. ಬರಬರುತ್ತಾ ಅವರು ಅವನು ಬಾಯಿ ತೆರೆಯುವ ಮೊದಲೇ ನಗತೊಡಗಿದರು. ಅವನು ಟೋಪಿ ತೆಗೆಯುವ ಮೊದಲೇ ಹೇಳಿ ಮುಗಿಸತೊಡಗಿದ, ಸುಂಕದ ಕಟ್ಟೆಯಲ್ಲಿ ಕಾಸು ಬಿಸಾಡಿ ದಾಟುವವನ ಹಾಗೆ. ಹೊಸಬರು ಯಾರಾದರೂ ಮೇಜಿಗೆ ಬಂದರೆ ಮಿಲೂನ್ ಪಂದ್ಯದ ಕತೆ ಮೊದಲಿಂದ ಬಿಚ್ಚುತ್ತಿದ್ದ. ಅದರಲ್ಲಿ ಲಾಜಾನ ತಪ್ಪು ಎಂದೋ ಕರಗಿಹೋಗಿ, ಪೆದ್ದ ಸ್ರೆಟೆನ್ ಒಬ್ಬನೇ ಉಳಿದಿದ್ದ. ಹೊಸಬರು ಮರ್ಯಾದೆಗೆ ಹಲ್ಲು ಕಿರಿಯುತ್ತಿದ್ದರು. ಸ್ರೆಟೆನ್ ತಟ್ಟೆಯ ಮೇಲಿನ ಬ್ರೆಡ್ಡನ್ನು ಉಂಡೆ ಕಟ್ಟುತ್ತಿದ್ದ. ಮೊದಲೆಲ್ಲಾ ಅವನು ಕತೆಗೆ ಏನಾದರೂ ಸೇರಿಸುತ್ತಿದ್ದ, ಈಗ ಏನೂ ಸೇರಿಸುತ್ತಿರಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗಿದ್ದು ಮನೆಯಲ್ಲಿ. ಒಂದು ಬೆಳಿಗ್ಗೆ ಅವನು ಕನ್ನಡಕ ಹುಡುಕುತ್ತಿದ್ದ. ಹಾಸಿಗೆ ಕೊಡವಿದ, ಸ್ಟೂಲಿನ ಕೆಳಗೆ ಬಗ್ಗಿದ. ಅವಳು ಒಲೆಯ ಮುಂದೆ ನಿಂತು ಆ ಮಾತಿಗಾಗಿ ಕಾದಳು. ಬರಲಿಲ್ಲ.

"ಕನ್ನಡಕ ಕಾಣ್ತಿಲ್ಲ," ಎಂದ ಸ್ರೆಟೆನ್. ಅಷ್ಟೇ.

"ಹೋಗ್ಬೇಡ ಆ ಹೋಟ್ಲಿಗೆ," ಎಂದಳು ಅವಳು.

"ಮತ್ತೆಲ್ಲಿಗೆ ಹೋಗ್ಲಿ? ಇರೋರೇ ಅವರು."

"ಬಾಯಿ ಬಿಟ್ಟು ಹೇಳು, ಸಾಕು ಅಂತ."

"ಹೇಳಿದ್ರೆ, 'ನೋಡ್ರೋ, ಇವನಿಗೆ ಕೋಪ ಬಂತು' ಅಂತಾರೆ. ಆಮೇಲೆ ಅದೂ ಒಂದು ತಮಾಷೆ ಆಗುತ್ತೆ."

ಸಕ್ಕರೆ ಕಾಯಿಲೆಗೆ ಅವನ ಎಡಗಾಲನ್ನು ಮೊಣಕಾಲಿಂದ ಕೆಳಗೆ ಕತ್ತರಿಸಿದಾಗ ಗೆಳೆಯರಿಬ್ಬರೂ ಆಸ್ಪತ್ರೆಗೆ ಬಂದರು, ಕಿತ್ತಳೆಯ ಚೀಲ ಹಿಡಿದು. ಹೊದಿಕೆ ಒಂದು ಕಡೆ ಮಟ್ಟಸವಾಗಿ ಹಾಸಿಗೆಗೆ ಅಂಟಿತ್ತು. ಇಬ್ಬರೂ ಅಲ್ಲಿಯೇ ನೋಡಿದರು, ಆಮೇಲೆ ಸ್ರೆಟೆನ್‌ನ ಬಾಯಿ ನೋಡಿದರು. ಅವನು ಹೇಳಲಿ ಅಂತ ಕಾಯುತ್ತಿದ್ದಾರೆ ಎಂದು ಯಾಗೋಡಾಗೆ ಗೊತ್ತಾಯಿತು. ಸ್ರೆಟೆನ್ ಕಿಟಕಿಯ ಕಡೆ ಮುಖ ತಿರುಗಿಸಿದ.

ಆಗ ಮಿಲೂನ್ ಹೊದಿಕೆಯ ಮೇಲೆ ಮೆತ್ತಗೆ ತಟ್ಟಿ, "ಈಗ ತಾನೆ ಇಲ್ಲೇ ಇತ್ತು, ಅಲ್ವೇನೋ?" ಎಂದ.

ಲಾಜಾ ಕಿಸಕ್ಕನೆ ನಕ್ಕ. ಸ್ರೆಟೆನ್ ಕೂಡ ನಕ್ಕ. ಹಲ್ಲು ಕೀಳಿಸಿಕೊಂಡವನು ಡಾಕ್ಟರಿಗೆ ಬಾಯಿ ತೆರೆದು ತೋರಿಸಿದ ಹಾಗಿತ್ತು ಆ ನಗು.

*

ಮಣ್ಣು ಮಾಡುವಾಗ ಮಿಲೂನ್ ಆಣೆ ಉಳಿಸಿಕೊಂಡ. ಪಾದ್ರಿ ಪೆಟ್ಟಿಗೆಯ ಮೇಲೆ ವೈನು ಸುರಿದು ಸರಿದ ಮೇಲೆ, ಸ್ನೇಹಿತರ ಪರವಾಗಿ ಏನಾದರೂ ಹೇಳಿ ಎಂದು ಯಾರೋ ಕೇಳಿದರು. ಮಿಲೂನ್ ಮುಂದೆ ಬಂದ.

"ಸ್ರೆಟೆನ್ ಒಳ್ಳೆ ಮನುಷ್ಯ," ಎಂದ. ಗುಂಡಿಯೊಳಗೆ ನೋಡಿದ. ಗಂಟಲು ಸರಿಮಾಡಿಕೊಂಡ. "ಬಾಳ ಒಳ್ಳೆ ಮನುಷ್ಯ." ಜನ ಕಾದರು. ಅವನ ತುಟಿಗಳು ಅಲುಗಿದವು, ಏನೂ ಬರಲಿಲ್ಲ. ಬಾಲ್ಯದಿಂದ ಒಂದೇ ಮೇಜಿನಲ್ಲಿ ಕುಡಿದವನು, ಆ ಒಂದು ಮಾತು ಕಿತ್ತುಕೊಂಡರೆ ಅವನ ಹತ್ತಿರ ಸ್ರೆಟೆನ್ ಬಗ್ಗೆ ಎರಡನೆಯ ಮಾತೇ ಇರಲಿಲ್ಲ. ಸ್ರೆಟೆನ್‌ಗೆ ಪಾರಿವಾಳ ಇಷ್ಟ ಅಂತಲೂ ಗೊತ್ತಿರಲಿಲ್ಲ. ಬೀದಿಯ ಅರ್ಧ ಸೈಕಲ್ಲುಗಳನ್ನು ಅವನು ಬಿಟ್ಟಿ ರಿಪೇರಿ ಮಾಡಿಕೊಟ್ಟದ್ದೂ ನೆನಪಿರಲಿಲ್ಲ. ಲಾಜಾ ಅವನ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದ.

ಶುಕ್ರವಾರ. ಉಪವಾಸದ ದಿನವಾದ್ದರಿಂದ ಮಣ್ಣಿನ ಊಟಕ್ಕೆ ಮಾಂಸವಿಲ್ಲ, ಮೀನು ಸಾರು. "ಅಡುಗೆ ನಮಗೆ ಬಿಡಿ ಅತ್ತಿಗೆ" ಎಂದು ಗೆಳೆಯರಿಬ್ಬರೂ ಹಿಂದಿನ ದಿನವೇ ವಹಿಸಿಕೊಂಡಿದ್ದರು. ಅಂಗಳದಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟಿಗೆ ಸರಪಳಿಯಿಂದ ಹಂಡೆ ತೂಗುಬಿದ್ದಿತ್ತು. ಜನ ಸತ್ತವನ ಹೆಸರಲ್ಲಿ ಬೇಯಿಸಿದ ಸಿಹಿ ಗೋಧಿಯನ್ನು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡರು, ಸಾರಾಯಿಯ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿದರು, ಉದ್ದ ಬೆಂಚುಗಳಲ್ಲಿ ಕೂತರು.

ಯಾಗೋಡಾ ತಟ್ಟೆ ಹಿಡಿದು ಹಂಡೆಯ ಹತ್ತಿರ ಬಂದಳು. ಹಂಡೆಯಲ್ಲಿ ಒರಗಿ ನಿಂತಿತ್ತು ಆ ಸೌಟು. ಕೆಂಪು ರಿಬ್ಬನ್ನಿನ ಮೇಲೆ ಸೌದೆ ರಾಶಿಯ ಹೊಟ್ಟು ಇನ್ನೂ ಅಂಟಿತ್ತು.

ಅವಳು ಸೌಟು ಇಳಿಸಿದಳು. ತಳ ಮುಟ್ಟಿತು. ಎತ್ತಿದಳು. ಕೆಂಪು ನೀರು, ಈರುಳ್ಳಿ. ಇನ್ನೊಂದು ಸಲ ಇಳಿಸಿದಳು.

ತಲೆ ಎತ್ತಿ ನೋಡಿದರೆ ಮಿಲೂನ್ ನಿಂತಿದ್ದ. ಕಣ್ಣು ಕೆಂಪಗೆ ಊದಿತ್ತು, ಕೆನ್ನೆ ಒದ್ದೆ, ಆದರೆ ತುಟಿಯಂಚು ನಗುವಿಗೆ ಮೇಲೆದ್ದಿತ್ತು. ಪಕ್ಕದಲ್ಲಿ ಲಾಜಾ ಉಸಿರು ಬಿಗಿ ಹಿಡಿದಿದ್ದ.

"ನಾನು ಬಾಯಿ ಬಿಟ್ಟಿಲ್ಲ ಅತ್ತಿಗೆ," ಎಂದು ಪಿಸುಗುಟ್ಟಿದ ಮಿಲೂನ್. "ಆಣೆ ಮುರಿದಿಲ್ಲ. ಅವನಿಗೆ ಅಂತ ಒಂದು ಕೊನೆ..."

"ಮೀನು ತಂದಿದ್ರೋ ಇಲ್ವೋ?"

"ತಂದಿದ್ವಿ. ಕೊಟ್ಟಿಗೆ ಹಿಂದೆ ಬೋಗುಣೀಲಿದೆ. ಹೆಚ್ಚಿ ಉಪ್ಪು ಸವರಿ ಇಟ್ಟಿದೀವಿ. ಎಲ್ಲರೂ ಒಂದ್ಸಲ ನಕ್ಕ ಮೇಲೆ ಹಾಕೋಣ ಅಂತ..."

ಹಂಡೆಯನ್ನು ಅವರ ಕಾಲ ಮೇಲೆ ಮಗುಚಬೇಕು ಅನ್ನಿಸಿತು ಯಾಗೋಡಾಗೆ. ಸೌಟನ್ನು ಮಿಲೂನ್‌ನ ಕೈಗೆ ತುರುಕಿ, ಅವನ ಬೆರಳುಗಳನ್ನು ಅದರ ಸುತ್ತ ತಾನೇ ಮುಚ್ಚಿದಳು, ಸತ್ತವನ ಕೈ ಮಡಚುವ ಹಾಗೆ.

"ಬಡಿಸು."

"ಅತ್ತಿಗೆ, ಮೀನು ಹಾಕಿ..."

"ಹೀಗೇ ಬಡಿಸು. ಲಾಜಾ, ನೀನು ಪಾತ್ರೆ ಹಿಡಿ. ಮೊದ್ಲು ಅತ್ತೆಗೆ."

ಬೆಂಚಿನ ತಲೆಯಲ್ಲಿ ಸ್ತಾನಾ ಅತ್ತೆ ಕೂತಿದ್ದಳು. ಸ್ರೆಟೆನ್‌ನ ಸೋದರತ್ತೆ, ಬೆಟ್ಟದ ಕಡೆಯ ಹಳ್ಳಿಯವಳು, ಕಿವಿ ಮಂದ. ಬೆಳಿಗ್ಗೆ ಬಸ್ಸು ಹತ್ತಿ ಬಂದವಳು, ಗೋಧಿ ಬಿಟ್ಟು ಏನೂ ತಿಂದಿರಲಿಲ್ಲ. ಪಂದ್ಯದ ಕತೆ ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಮಿಲೂನ್ ಅವಳ ತಟ್ಟೆಗೆ ಒಂದು ಸೌಟು ಸುರಿದ. ಅವಳು ಬ್ರೆಡ್ಡು ಮುರಿದು ಅದ್ದಿದಳು, ಚಮಚದಿಂದ ತಡಕಿದಳು, ತಟ್ಟೆಯನ್ನು ಬೆಳಕಿಗೆ ಓರೆ ಮಾಡಿದಳು.

"ಮಗಾ," ಎಂದು ಕಿವುಡರ ದೊಡ್ಡ ದನಿಯಲ್ಲಿ ಕೇಳಿದಳು, "ಮೀನೆಲ್ಲಪ್ಪಾ?"

ಕತೆ ಗೊತ್ತಿದ್ದವರು ತಲೆ ತಗ್ಗಿಸಿದರು. ಮಿಲೂನ್ ಬಾಯಿ ತೆರೆದ. ಆ ಬಾಯಿಗೆ ಬೇರೆ ಉತ್ತರ ಗೊತ್ತಿರಲಿಲ್ಲ. ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟು ಸತ್ತವನಿಗೆಂದು ಬಿಟ್ಟಿದ್ದ ಜಾಗದ ಕಡೆ ನೋಡಿದ. ಬಾಯಿ ಮುಚ್ಚಿದ.

"ಹೇಳು ಕೂಮಾ," ಎಂದಳು ಯಾಗೋಡಾ. "ಅತ್ತೆ ಕೇಳ್ತಿದಾರೆ."

"ಏನಂದ?" ಎಂದಳು ಮುದುಕಿ, ಕಿವಿಗೆ ಕೈ ಹಿಡಿದು. "ನನಗೆ ಕೇಳಿಸ್ಲಿಲ್ಲ. ಏನಂದ?"

ಸೌಟು ಓರೆಯಾಗಿ ಕೆಂಪು ಸಾರು ಮಿಲೂನ್‌ನ ಕಪ್ಪು ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಟ್ಟಿಗೆಯ ಹಿಂದಿನಿಂದ ನೆರೆಮನೆಯ ಬೆಕ್ಕು ತನ್ನ ತಲೆಗಿಂತ ದೊಡ್ಡ ಮೀನಿನ ತುಂಡೊಂದನ್ನು ಕಚ್ಚಿ ಎಳೆಯುತ್ತಾ ಬಂತು. ಬೆಂಚುಗಳ ನಡುವೆ ಎಲ್ಲರ ಕಣ್ಣ ಮುಂದೆಯೇ ಹಾದು, ಬೇಲಿಯ ಸಂದಿಯಲ್ಲಿ ಅದನ್ನು ತೂರಿಸಲಾಗದೆ, ನಿಂತು ತಿರುಗಿ ನೋಡಿತು.