ಅಪ್ಪನ ಹರೆಯದ ಹಾಡುಗಳು

ನಾನು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸ್ಪೀಕರ್. ಕಾರ್ಖಾನೆಯ ನೆನಪು ನನಗೆ ಕಡಿಮೆ. ಯಾರೋ ಎದೆಗೆ ಜಾಲರಿ ಕೂರಿಸಿದರು, ಇನ್ಯಾರೋ ಬೆನ್ನಿಗೆ ಬ್ಯಾಟರಿ ಇಟ್ಟು ಮುಚ್ಚಿದರು. ಕಣ್ಣು ಬಿಟ್ಟದ್ದು ದಾವಣಗೆರೆಯ ಒಂದು ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ. ಎಣ್ಣೆಯ ಹೊಗೆ ಕುಡಿಯುತ್ತಾ ಎರಡು ವರ್ಷ ಅರಚಿದೆ. ಅಂಗಡಿ ಮುಚ್ಚಿದಾಗ ಅದರ ಯಜಮಾನ ನನ್ನನ್ನು ಪಕ್ಕದ ಬೀದಿಯ ಚಂದ್ರಕಲಾಗೆ ಕೊಟ್ಟ. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಅಲ್ಲಿಗೆ ನನ್ನ ಅರಚಾಟ ಮುಗಿಯಿತು, ಆಯಾಸದ ಕೆಲಸ ಶುರುವಾಯಿತು.

ಚಂದ್ರಕಲಾಳ ಅಪ್ಪ ಹಾಲೇಶಪ್ಪ ಹತ್ತಿ ಗಿರಣಿಯಲ್ಲಿ ನೂಲು ತೆಗೆದವರು. ಈಗ ಅವರ ನೆನಪು ಎಳೆ ಎಳೆಯಾಗಿ ಬಿಚ್ಚಿಹೋಗುತ್ತಿತ್ತು. ಮಗಳನ್ನು ಒಮ್ಮೆ ತಂಗಿ ಅನ್ನುವರು, ಒಮ್ಮೆ ಯಾರಮ್ಮ ನೀನು ಅನ್ನುವರು. ಎಲ್ಲಕ್ಕಿಂತ ಕಷ್ಟ ಸ್ನಾನದ್ದು. ಅಂಗಿ ಬಿಚ್ಚಲು ಹೋದರೆ ಕೈ ಬೀಸಿ ಹೊಡೆಯುವರು. ಅವಳ ಮೊಣಕೈಯಲ್ಲಿ ಯಾವಾಗಲೂ ಒಂದು ನೀಲಿಗಟ್ಟಿದ ಗಾಯವಿರುತ್ತಿತ್ತು.

ಮೊದಲು ಮೊಬೈಲಿನಲ್ಲಿ ಹಾಡು ಹಾಕಿ ನೋಡಿದ್ದಳಂತೆ. ನಡುವೆ ಜಾಹೀರಾತಿನವರು ಕೂಗಿದಾಗ, ಮನೆಯೊಳಗೆ ಯಾರೋ ನುಗ್ಗಿದರೆಂದು ಅವರು ಬೆದರಿದರು. ಅದಕ್ಕೇ ನಾನು ಬಂದದ್ದು, ಪೆನ್‌ಡ್ರೈವ್ ಸಮೇತ. ಮುದುಕರಿಗೆ ದೇವರ ನಾಮವೇ ಚೆಂದ ಅಂದುಕೊಂಡು ಅವಳು ಭಜನೆ ತುಂಬಿದಳು. ಅವರು ನನ್ನನ್ನು ಬೋರಲು ಹಾಕಿದರು. ಆಮೇಲೆ ತಾನು ಚಿಕ್ಕವಳಿದ್ದಾಗಿನ ಹಾಡು ಹಾಕಿದಳು. ಅವಳ ಕಣ್ಣು ತುಂಬಿತು, ಅವರು ಗೋಡೆ ನೋಡುತ್ತಾ ಕೂತರು.

ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ಮೇಲೆ ದಾರಿ ಸಿಕ್ಕಿತು. ಹದಿನೈದರಿಂದ ಇಪ್ಪತ್ತೈದರ ಪ್ರಾಯದಲ್ಲಿ ಕೇಳಿದ ಹಾಡು ತಲೆಯಲ್ಲಿ ಗಟ್ಟಿಯಾಗಿ ಉಳಿಯುತ್ತದಂತೆ, ಅಲ್ಲಿಂದ ಹುಡುಕಬೇಕಂತೆ. ಆ ಪ್ರಾಯದ ಅಪ್ಪನನ್ನು ಚಂದ್ರಕಲಾ ನೋಡಿಯೇ ಇರಲಿಲ್ಲ. ಅಮ್ಮನೂ ತೀರಿಕೊಂಡಿದ್ದಳು. ಕೊನೆಗೆ ಗಿರಣಿಯ ಹಳೆಯ ಜೊತೆಗಾರ ಮೆಹಬೂಬ್ ಸಾಬರನ್ನು ಕರೆಸಿ ಕೇಳಿದಳು.

“ದೇವರ ಹಾಡು ಬ್ಯಾಡವ್ವ, ನಿಮ್ಮಪ್ಪ ಎದ್ದು ಹೋಗ್ತಿದ್ದ. ಟೆಂಟಿನಾಗ ಸಿನಿಮಾ ಶುರು ಆಗೋಕೆ ಮುಂಚೆ ರೆಕಾರ್ಡ್ ಹಾಕ್ತಿದ್ರು ನೋಡು, ಅದನ್ನ ಕೇಳೋಕಂತಲೇ ಸೈಕಲ್ ತುಳ್ಕೊಂಡು ಹೋಗೋನು” ಅಂದರು.

ಅರವತ್ತರ ದಶಕದ ಹಾಡುಗಳು ಬಂದವು. ನಾಟಕ ಕಂಪನಿಯ ಪದಗಳೂ ಒಂದೆರಡು ಬಂದವು. ಅವಳು ಎಲ್ಲವನ್ನೂ ಒಟ್ಟಿಗೆ ಸುರಿಯಲಿಲ್ಲ. ಟಿವಿ ಆರಿಸಿ, ನನ್ನ ದನಿ ತಗ್ಗಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು. ನಾನು ಹಾಡುವಾಗ ಅವಳ ಕಣ್ಣು ಅಪ್ಪನ ಹುಬ್ಬಿನ ಮೇಲೆ, ಕಾಲ್ಬೆರಳ ಮೇಲೆ. ಹುಬ್ಬು ಗಂಟಿಕ್ಕಿದರೆ ನಿಲ್ಲಿಸುವಳು. ಒಂದು ಹಾಡನ್ನು ಹೊಸ ಗಾಯಕರ ದನಿಯಲ್ಲಿ ಹಾಕಿದಾಗ ಅವರು ತಲೆ ಕೊಡವಿದರು. ಅದೇ ಹಾಡಿನ ಹಳೆಯ, ಗೊರಗೊರ ಅನ್ನುವ ರೆಕಾರ್ಡ್ ಹಾಕಿದಾಗ ಹೆಬ್ಬೆರಳು ತಾಳ ಹಾಕಿತು. ಎರಡನೆಯ ಸಾಲಿಗೆ ಬಾಯಿಯೂ ಸೇರಿತು. ಮಗಳ ಹೆಸರು ಮರೆತ ನಾಲಿಗೆ ಪದಗಳನ್ನು ತಪ್ಪಿಲ್ಲದೆ ಹೇಳಿತು.

ಅಂದಿನಿಂದ ಅದು ಸ್ನಾನದ ಹಾಡು. ನೀರು ಕಾಯುವಾಗಲೇ ಶುರು ಮಾಡುವಳು. ಪಲ್ಲವಿ ಮತ್ತೆ ಬಂದಾಗ ಅವರು ತಾವಾಗಿಯೇ ತೋಳು ಎತ್ತುವರು, ಅಂಗಿ ಕಳಚುವುದು. ಗಾಯ ಮಾಯಿತು. ಆದರೆ ದಿನಾ ಅದನ್ನೇ ಕೇಳಿ ಕೇಳಿ ಚಂದ್ರಕಲಾಗೆ ಆ ಹಾಡೆಂದರೆ ಹಲ್ಲು ಕಚ್ಚುವಂತಾಗಿತ್ತು. ನನಗೂ ಬೇಸರವೇ. ನಾವಿಬ್ಬರೂ ಹೇಳಿಕೊಳ್ಳಲಿಲ್ಲ.

ಇನ್ನೊಂದು ಹಾಡಿತ್ತು. ಅದಕ್ಕೆ ಅವರ ಮುಖ ಎಲ್ಲಕ್ಕಿಂತ ಹೆಚ್ಚು ಬೆಳಗಿತು. ಅವರು ಎದ್ದು ನಿಂತರು, ನಕ್ಕರು, ಅತ್ತರು. ಅತ್ತರೆ ತಪ್ಪಿಲ್ಲ, ಆಮೇಲೆ ಸಮಾಧಾನ ಆಗ್ತಾರಾ ನೋಡಿ ಎಂದು ನರ್ಸ್ ಹೇಳಿದ್ದರು. ಸಮಾಧಾನ ಆಗಲಿಲ್ಲ. ಬಾಗಿಲಿಗೆ ಹೋಗಿ ಹೆಂಡತಿಯ ದಾರಿ ಕಾಯುತ್ತಾ ನಿಂತರು.

“ಗೌರಿ ಇನ್ನೂ ಬರಲಿಲ್ಲಲ್ಲ” ಅಂದರು.

ರಾತ್ರಿ ಊಟ ಮುಟ್ಟಲಿಲ್ಲ. ಕೆಲವು ದಿನ ಬಿಟ್ಟು ಹಾಕಿದಾಗಲೂ ಅದೇ ಕಥೆ. ಕೊನೆಗೆ ಚಂದ್ರಕಲಾ ಆ ಹಾಡನ್ನು ಅಳಿಸಿಬಿಟ್ಟಳು. ಅಪ್ಪ ಪೂರ್ತಿ ಅಪ್ಪನಾಗುತ್ತಿದ್ದದ್ದು ಅದೊಂದರಲ್ಲೇ ಎಂದು ಅವಳಿಗೆ ಗೊತ್ತಿತ್ತು.

ಬರಬರುತ್ತಾ ಪದಗಳೂ ಹೋದವು, ಗುನುಗು ಉಳಿಯಿತು. ಗುನುಗೂ ಹೋಗಿ ಹೆಬ್ಬೆರಳು ಉಳಿಯಿತು. ಒಂದು ಬೆಳಿಗ್ಗೆ ಅದೂ ನಿಂತಿತು.

ಹಾಲೇಶಪ್ಪನವರು ತೀರಿಕೊಂಡ ಕೆಲವು ತಿಂಗಳ ನಂತರ ಎದುರುಮನೆಯ ಜಯಶೀಲಾ ಬಂದಳು. ಅವಳ ಅತ್ತೆಗೆ ಮರೆವು ಶುರುವಾಗಿತ್ತು; ಆ ಹಾಡಿನ ಡಬ್ಬಿ ಕೊಡ್ತೀರಾ ಅಂತ ಕೇಳಿದಳು. ಚಂದ್ರಕಲಾ ನನ್ನನ್ನು ಒರೆಸಿ ಕೊಟ್ಟಳು. ಕೊಡುವ ಮೊದಲು ಪೆನ್‌ಡ್ರೈವ್ ಕಿತ್ತುಕೊಂಡಳು.

“ಇವು ನಮ್ಮಪ್ಪನವು, ನಿಮ್ಮತ್ತೆಗೆ ಹತ್ತಲ್ಲ. ಹದಿನೆಂಟರಾಗ ಅವರು ಎಲ್ಲಿದ್ರು, ಏನು ಕೇಳ್ತಿದ್ರು, ಯಾರಿಗಾದ್ರೂ ಗೊತ್ತೇನು? ಗೊತ್ತಿರೋರು ಬದುಕಿರೋವಾಗ್ಲೇ ಕೇಳಿಬಿಡ್ರಿ” ಅಂದಳು.

ಈಗ ನಾನು ಜಯಶೀಲಾಳ ಕಿಟಕಿಯಲ್ಲಿದ್ದೇನೆ. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಸದಾ ವಯರು ಸಿಕ್ಕಿಸಿಯೇ ಇರಬೇಕು. ಕೆಳಗೆ ಚಾಪೆಯ ಮೇಲೆ ಒಬ್ಬ ಅಜ್ಜಿ ಕಾಲು ಚಾಚಿ ಕೂತಿದ್ದಾಳೆ. ಒಬ್ಬರ ಹರೆಯ ಇನ್ನೊಬ್ಬರಿಗೆ ಒಗ್ಗದು ಎನ್ನುವುದಷ್ಟೇ ನಾನು ಕಲಿತದ್ದು. ಜಯಶೀಲಾ ಫೋನು ಹಿಡಿದು ಯಾರ ಬಳಿಯೋ ಕೇಳುತ್ತಿದ್ದಾಳೆ, ಅತ್ತೆಯ ತವರೂರು ಯಾವುದು ಅಂತ.